ಬಾರದ ತಾರೀಕಿನ ಸ್ಟಿಕ್ಕರ್

ನನ್ನ ಬಲಗಿವಿಗೆ ಮಿಷನ್ ಹಾಕಿಸಿದ ಮೊದಲ ತಿಂಗಳು ಮನೆಯಲ್ಲಿ ಕಿವಿಯ ಮಾತಿಗಿಂತ ಸೆಲ್ಲಿನ ಮಾತೇ ಜಾಸ್ತಿಯಾಗಿತ್ತು. ಬಟಾಣಿ ಕಾಳಿನಷ್ಟೇ ಇರುವ ಸೆಲ್. ಒಂದು ಹಾಕಿದರೆ ಹತ್ತು ದಿನ ಬರಬೇಕಾದದ್ದು ಮೂರು ದಿನಕ್ಕೆ ಕಣ್ಣು ಮುಚ್ಚುತ್ತಿತ್ತು. ಮಿಷನ್ ಕೊಟ್ಟ ಕಡೆಯಲ್ಲಿ ಮೂವತ್ತು ದಿನ ಹಾಕಿಕೊಂಡು ನೋಡಿ, ಒಗ್ಗದಿದ್ದರೆ ವಾಪಸ್ ಕೊಡಿ ಅಂದಿದ್ದರು. ಹಾಗಾಗಿ ಒಂದೊಂದು ಸೆಲ್ ಸತ್ತಾಗಲೂ ನನ್ನ ಯಜಮಾನರು ನನ್ನ ಕಿವಿಯನ್ನೂ ವಾಪಸ್ ಕೊಡುವ ಲೆಕ್ಕದಲ್ಲೇ ಮಾತಾಡುತ್ತಿದ್ದರು.

ನಮ್ಮದು ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿ. ರೇಷ್ಮೆ ಚಾಕಿ ಕೇಂದ್ರ ನಡೆಸುತ್ತೇನೆ. ಅಂದರೆ ಮೊಟ್ಟೆಯೊಡೆದ ಹುಳುವನ್ನು ಎರಡನೇ ಜ್ವರ ಏಳುವ ತನಕ, ಅಂದರೆ ಎರಡು ಸಲ ಪೊರೆ ಬಿಡುವ ತನಕ ಸಾಕಿ, ಆಮೇಲೆ ರೈತರ ಕೈಗೆ ಕೊಡುವ ಕೆಲಸ. ಇದು ಫೋನಿನ ಮೇಲೆ ನಿಂತ ಕಸುಬು. ಯಾರಿಗೆ ಎಷ್ಟು ಮೊಟ್ಟೆಯ ಹುಳು, ಯಾವ ದಿನ, ಯಾರ ತೋಟದ ಸೊಪ್ಪು ಇನ್ನೂ ಎಳೆಯದು ಎಂಬುದೆಲ್ಲ ಫೋನಿನಲ್ಲೇ ತೀರ್ಮಾನವಾಗಬೇಕು. ಕಿವಿ ಮಂದವಾದ ಮೇಲೆ ನಾನು ಫೋನನ್ನು ಯಜಮಾನರ ಕೈಗೆ ಕೊಟ್ಟೆ. ಮಿಷನ್ ಬರುವ ತನಕ ಮಾತ್ರ ಅಂತ ಕೊಟ್ಟದ್ದು. ಮಿಷನ್ ವಾಪಸ್ ಹೋದರೆ ಆ ಫೋನು ನನ್ನ ಕೈಗೆ ಮರಳಿ ಬರುವುದಿಲ್ಲವೆಂದು ನನಗೆ ಚೆನ್ನಾಗಿ ಗೊತ್ತಿತ್ತು.

ಯಜಮಾನರು ನಿವೃತ್ತ ಹೆಡ್‌ಮೇಷ್ಟ್ರು. ನಿವೃತ್ತಿಯಾದದ್ದು ಸರ್ಕಾರಕ್ಕೆ ಗೊತ್ತು, ಅವರಿಗೆ ಇನ್ನೂ ಗೊತ್ತಿಲ್ಲ. ಮನೆಯ ಗೋಡೆಗೆ ವೇಳಾಪಟ್ಟಿ, ಗ್ಯಾಸ್ ಸಿಲಿಂಡರಿಗೊಂದು ಪುಸ್ತಕ, ಹಾಲಿನವನಿಗೆ ಹಾಜರಿ. ಕೆಲಸದಲ್ಲಿದ್ದಾಗ ಇನ್‌ಸ್ಪೆಕ್ಷನ್ ಬರುವುದಕ್ಕೆ ವಾರ ಮೊದಲೇ ಮುಂದಿನ ತಿಂಗಳ ಪಾಠವೆಲ್ಲ ಆಗಿಹೋಗಿದೆ ಎಂದು ಬರೆದಿಟ್ಟು, ನೀಟಾಗಿ ಗೆರೆ ಎಳೆಯುತ್ತಿದ್ದ ಮನುಷ್ಯ. ಪಾಠ ಆದದ್ದುಂಟೋ ಇಲ್ಲವೋ, ಗೆರೆ ಮಾತ್ರ ಎಂದೂ ಸೊಟ್ಟಗಾಗಲಿಲ್ಲ.

ಮಿಷನ್ ಹಾಕಿಸಿದ ದಿನ ದೇವನಹಳ್ಳಿಯ ಕಿವಿ ಪರೀಕ್ಷೆಯ ಹುಡುಗಿ ಒಂದೊಂದಾಗಿ ಎಲ್ಲ ಹೇಳಿಕೊಟ್ಟಳು. ನಾನು ಕೇಳಿಸಿಕೊಳ್ಳಲಿಲ್ಲ. ಕೇಳಿಸಲಿಲ್ಲ ಅಂತಲ್ಲ. ಆರು ವರ್ಷದ ಮೇಲೆ ಫ್ಯಾನಿನ ಸದ್ದು, ನನ್ನ ಬಳೆಯ ಸದ್ದು, ಹೊರಗೆ ಬಸ್ಸು ಬ್ರೇಕ್ ಹಾಕಿದ್ದು ಎಲ್ಲ ಒಟ್ಟಿಗೆ ನುಗ್ಗಿ ಬಂದು, ನನಗೆ ಅಳು ಬರುವಂತಾಗಿತ್ತು. ಯಜಮಾನರು ಮಾತ್ರ ಡೈರಿ ತೆಗೆದು ನಂಬರ್ ಹಾಕಿ ಬರೆದುಕೊಂಡರು. ಸೆಲ್ಲಿನ ಮೇಲಿನ ಕಿತ್ತಳೆ ಬಣ್ಣದ ಸ್ಟಿಕ್ಕರ್ ಕೀಳಬೇಕು. ಕಿತ್ತ ಸ್ಟಿಕ್ಕರನ್ನು ಕ್ಯಾಲೆಂಡರಿನಲ್ಲಿ ಆ ತಾರೀಕಿಗೆ ಅಂಟಿಸಬೇಕು, ಸೆಲ್ ಎಷ್ಟು ದಿನ ಬಂತೆಂದು ತಿಳಿಯುತ್ತದೆ. ಸುಮಾರು ಹತ್ತು ದಿನ ಬರುತ್ತದೆ. ಮೊದಲನೆಯದನ್ನು ಅವಳೇ ಹಾಕಿ ಕಳಿಸಿದಳು. ಜೊತೆಗೊಂದು ಆರು ಸೆಲ್ಲಿನ ಕಾರ್ಡು, ಮಿಷನ್ ಒಣಗಿಸಲು ನೀಲಿ ಹರಳು ತುಂಬಿದ ಒಂದು ಪುಟ್ಟ ಡಬ್ಬಿ. ಡಬ್ಬಿಯನ್ನು ಯಜಮಾನರು ವಾರಂಟಿ ಕಾಗದದ ಜೊತೆ ಕವರಿನಲ್ಲಿ ಹಾಕಿ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಒಣಗಿಸುವ ವಸ್ತು ಒಳಗೆ ಭದ್ರವಾಗಿತ್ತು, ಒಣಗಬೇಕಾದ ಮಿಷನ್ ದೇವರ ಗೂಡಿನಲ್ಲಿ ಕುಂಕುಮದ ಪಕ್ಕ ಮಲಗುತ್ತಿತ್ತು.

ಹುಡುಗಿ ಹಾಕಿದ ಸೆಲ್ ಆರು ದಿನ ಬಂತು. ಮುಂದಿನದು ನಾಲ್ಕು, ಅದರ ಮುಂದಿನದು ಮೂರು. ಸತ್ತಾಗಲೆಲ್ಲ ಯಜಮಾನರು ತಮ್ಮ ಬಿಪಿ ಮಾತ್ರೆಯ ಡಬ್ಬಿಯಿಂದ ಹೊಸದೊಂದನ್ನು ಎತ್ತಿ, ಪ್ರಸಾದ ಕೊಡುವವರಂತೆ ನನ್ನ ಅಂಗೈಗೆ ಹಾಕುತ್ತಿದ್ದರು.

"ಅದೇನು ಮಿಷನ್ನೋ, ಶೆಲ್ಲು ತಿನ್ನೋ ಮಿಷನ್ನು. ಮೂವತ್ತನೇ ದಿನಕ್ಕೆ ಕೊಟ್ಬಿಡೋಣ. ನಿಂಗ್ಯಾಕೆ ಈ ವಯಸ್ನಲ್ಲಿ ಕಷ್ಟ, ನಾನಿಲ್ವಾ ಮಾತಾಡೋಕೆ?" ಎನ್ನುತ್ತಿದ್ದರು.

ಅವರಿಲ್ಲದೆ ಏನು, ಇದ್ದರು. ಫೋನ್ ಬಂದರೆ ಕೊರಳು ಸರಿಮಾಡಿಕೊಂಡು "ಹೆಡ್‌ಮೇಷ್ಟ್ರು ಮಾತಾಡ್ತಿರೋದು" ಎಂದು ಶುರುಮಾಡುತ್ತಿದ್ದರು. ಹುಳುವಿನ ಹಲ್ಲು ಎತ್ತ ಇರುತ್ತದೆಂದು ಗೊತ್ತಿಲ್ಲದವರು ರೈತರಿಗೆ ಸೊಪ್ಪಿನ ಪಾಠ ಮಾಡುತ್ತಿದ್ದರು. ಅದನ್ನು ಕಂಡು ನನಗೆ ಹೊಟ್ಟೆ ಉರಿಯುತ್ತಿತ್ತು. ಹೇಳಿದರೆ ಕಿವುಡಿಯ ಸಿಡುಕು ಅನ್ನಿಸಿಕೊಳ್ಳಬೇಕಿತ್ತು.

ನನ್ನ ದಡ್ಡತನವನ್ನೂ ಇಲ್ಲೇ ಹೇಳಿಬಿಡುತ್ತೇನೆ, ಅವರೊಬ್ಬರನ್ನೇ ಆಡಿಕೊಂಡರೆ ತಪ್ಪಾಗುತ್ತದೆ. ಚಾಕಿ ಮನೆಯ ಗೋಡೆಯಲ್ಲಿ ತೇವ ಅಳೆಯುವ ಮೀಟರ್ ಇದೆ. ದಿನಕ್ಕೆ ಮೂರು ಸಲ ಓದುತ್ತೇನೆ. ಎಳೆ ಹುಳುವಿಗೆ ಎಂಬತ್ತೈದರ ಮೇಲೆ ತೇವ ಬೇಕು, ಅದಕ್ಕೇ ಒದ್ದೆ ಗೋಣಿ ತೂಗುಹಾಕಿರುತ್ತೇವೆ. ಆ ಉಗಿಮನೆಯೊಳಗೆ ಬೆವರು ಸುರಿಸುತ್ತಾ ಮಿಷನ್ ಹಾಕಿಕೊಂಡೇ ಅರ್ಧ ದಿನ ಓಡಾಡುತ್ತಿದ್ದೆ. ಹುಳುವಿಗೆ ತೇವ ಎಷ್ಟೆಂದು ತಪ್ಪದೆ ನೋಡುವವಳು ನನ್ನ ಕಿವಿಯ ಹಿಂದೆ ಎಷ್ಟಿದೆಯೆಂದು ಹದಿಮೂರು ದಿನ ಯೋಚಿಸಲಿಲ್ಲ. ಹೊಳೆದ ದಿನ ಮಾತ್ರ ನನ್ನಷ್ಟು ಬುದ್ಧಿವಂತೆ ಹೋಬಳಿಯಲ್ಲೇ ಇಲ್ಲ ಅನ್ನಿಸಿತು. ಬೀಗ ತೆಗೆಸಿ ಡಬ್ಬಿ ಈಚೆಗೆ ತಂದೆ. ರಾತ್ರಿ ಮಿಷನ್ನನ್ನೂ ಹಾಕಿದೆ, ಸೆಲ್ಲನ್ನೂ ಅದರ ಜೊತೆಗೇ ಹಾಕಿದೆ. ಒಣಗುವುದಿದ್ದರೆ ಎಲ್ಲವೂ ಒಣಗಲಿ ಎಂಬುದು ನನ್ನ ವಿಜ್ಞಾನ.

ಆ ಸೆಲ್ ಎರಡೇ ದಿನಕ್ಕೆ ಸತ್ತಿತು.

ಯಜಮಾನರ ಮುಖದಲ್ಲಿ ಬೇಸರಕ್ಕಿಂತ ಸಮಾಧಾನವೇ ಹೆಚ್ಚಿತ್ತು. ಕ್ಲಿನಿಕ್ಕಿಗೆ ಫೋನ್ ಮಾಡಿ ತಕರಾರು ಹೇಳಿದರು. ಹುಡುಗಿ ಮಿಷನ್, ಸೆಲ್ಲು, ಕ್ಯಾಲೆಂಡರು ಮೂರನ್ನೂ ತನ್ನಿ ಎಂದಳು. ಮಿಷನ್ ತಂದು ಹದಿನಾರನೇ ದಿನ, ಅವತ್ತು ತಿಂಗಳ ಹದಿನಾರನೇ ತಾರೀಕೇ ಆಗಿತ್ತು. ಯಜಮಾನರು ಕ್ಯಾಲೆಂಡರನ್ನು ಮೊಳೆಯಿಂದ ಬಿಚ್ಚಿ, ಸುರುಳಿ ಸುತ್ತಿ, ಪದಕ ತಗೊಳ್ಳಲು ಹೋಗುವವರಂತೆ ಬಸ್ಸಿನಲ್ಲಿ ಎದೆಗೆ ಒತ್ತಿ ಹಿಡಿದಿದ್ದರು.

ಹುಡುಗಿ ಮೇಜಿನ ಮೇಲೆ ಹರಡಿದಳು. ಹನ್ನೊಂದನೇ ತಾರೀಕಿನ ಮೇಲೊಂದು ಕಿತ್ತಳೆ ಸ್ಟಿಕ್ಕರ್. ಇಪ್ಪತ್ತೊಂದರ ಮೇಲೊಂದು. ಅವಳು ಒಂದು ಸಲ ಗೋಡೆಯ ಕ್ಯಾಲೆಂಡರ್ ನೋಡಿದಳು, ಒಂದು ಸಲ ನಮ್ಮದನ್ನು.

"ಸರ್, ಇವತ್ತು ಹದಿನಾರು ಅಲ್ವಾ?"

"ಹೌದು."

"ಇಪ್ಪತ್ತೊಂದು ಇನ್ನೂ ಬಂದಿಲ್ಲವಲ್ಲ ಸರ್. ಸ್ಟಿಕ್ಕರ್ ಹೇಗೆ ಬಂತು?"

ಅವಳು ಹಾಳೆ ತಿರುಗಿಸಿದಳು. ಮುಂದಿನ ತಿಂಗಳಲ್ಲಿ ಮೂರು. ಅದರ ಮುಂದಿನ ತಿಂಗಳ ಮೊದಲ ತಾರೀಕಿಗೆ ಒಂದು. ಆರೂ ಸ್ಟಿಕ್ಕರ್, ಹತ್ತತ್ತು ದಿನಕ್ಕೊಂದು, ಸ್ಕೇಲು ಇಟ್ಟು ಅಂಟಿಸಿದಷ್ಟು ನೀಟು.

"ನೀವೇ ಹತ್ತು ದಿನ ಬರುತ್ತೆ ಅಂದ್ರಲ್ಲಮ್ಮ," ಎಂದರು ಯಜಮಾನರು. "ಪದೇ ಪದೇ ಯಾಕೆ ಅಂತ ಮೊದಲ್ನೇ ದಿನಾನೇ ಕಿತ್ತು ಅಂಟಿಸಿಬಿಟ್ಟೆ. ರೆಕಾರ್ಡು ಪಕ್ಕಾ ಇರ್ಲಿ ಅಂತ."

"ಸೆಲ್‌ಗಳನ್ನ ಏನ್ ಮಾಡಿದ್ರಿ?"

ಅವರು ಜೇಬಿನಿಂದ ಮಾತ್ರೆ ಡಬ್ಬಿ ತೆಗೆದರು. ಉಳಿದ ಮೂರು ಸೆಲ್ ಬರಿಮೈಯಲ್ಲಿ ಮೂರು ಮನೆಗಳಲ್ಲಿ ಕೂತಿದ್ದವು. ಸೆಲ್ಲಿನ ಮೇಲೆ ಸ್ಟಿಕ್ಕರ್ ಇರುತ್ತದೆಂಬುದನ್ನೇ ನಾನು ಮನೆಯಲ್ಲಿ ಎಂದೂ ಕಂಡಿರಲಿಲ್ಲ.

ಹುಡುಗಿ ನಗಲಿಲ್ಲ, ಅದು ಅವಳ ದೊಡ್ಡಗುಣ. ಒಂದು ಸೆಲ್ ತಿರುಗಿಸಿ ಸೂಜಿಮೊನೆಯಂಥ ತೂತುಗಳನ್ನು ತೋರಿಸಿದಳು. ಈ ಸೆಲ್ ಗಾಳಿ ಕುಡಿದು ಕೆಲಸ ಮಾಡುತ್ತದೆ. ಸ್ಟಿಕ್ಕರ್ ಕಿತ್ತ ಗಳಿಗೆಯಿಂದ ಒಳಗೆ ಕೆಲಸ ಶುರು, ಮಿಷನ್ನಿನಲ್ಲಿರಲಿ, ಡಬ್ಬಿಯಲ್ಲಿರಲಿ. ಮತ್ತೆ ಅಂಟಿಸಿದರೆ ನಿಲ್ಲುವುದಿಲ್ಲ. ಅದಕ್ಕೇ ಸರದಿ ಬಂದಾಗ ಒಂದನ್ನೇ ಕೀಳಬೇಕು, ಕಿತ್ತ ಮೇಲೆ ಐದು ನಿಮಿಷ ಹಾಗೇ ಬಿಟ್ಟು ಆಮೇಲೆ ಹಾಕಬೇಕು. ನನ್ನ ಕಡೆಗೂ ತಿರುಗಿದಳು. ಚಾಕಿ ಮನೆಯಂಥ ಒದ್ದೆ ಜಾಗಕ್ಕೆ ಮಿಷನ್ ಬೇಡ, ಹೊರಗೇ ತೆಗೆದಿಡಿ. ಅಂಥ ಗಾಳಿಯಲ್ಲಿ ಸೆಲ್ ನೀರು ಹೀರಿಕೊಂಡು ಬೇಗ ಸಾಯುತ್ತದೆ. ರಾತ್ರಿ ಮಿಷನ್ ಒರೆಸಿ, ಸೆಲ್ ತೆಗೆದು, ಸೆಲ್ ಕೂರುವ ಪುಟ್ಟ ಬಾಗಿಲು ತೆರೆದಿಟ್ಟು ಹರಳಿನ ಡಬ್ಬಿಗೆ ಹಾಕಿ. ಸೆಲ್ಲನ್ನು ಮಾತ್ರ ಡಬ್ಬಿಗೆ ಹಾಕಬೇಡಿ, ಅದರೊಳಗಿನ ನೀರೂ ಒಣಗಿಹೋಗುತ್ತದೆ. ಹರಳು ಗುಲಾಬಿಯಾದರೆ ಬದಲಾಯಿಸಿ.

ಅಂದರೆ ಸೆಲ್ಲಿಗೆ ತೇವ ಹೆಚ್ಚಾದರೂ ಆಗದು, ಕಡಿಮೆಯಾದರೂ ಆಗದು. ನನ್ನ ಹುಳುವಿನಷ್ಟೇ ನಾಜೂಕು. ಇದನ್ನು ಇಪ್ಪತ್ತು ವರ್ಷ ಹುಳು ಸಾಕಿದವಳಿಗೆ ಒಬ್ಬರು ಹೇಳಿಕೊಡಬೇಕಾಯಿತಲ್ಲ ಎಂದು ನಾಚಿಕೆಯಾಯಿತು.

ಬರುವಾಗ ಬಸ್ಸಿನಲ್ಲಿ ಯಜಮಾನರು ಒಂದೇ ಮಾತಾಡಿದರು. "ಅವ್ಳು ಆರ್ಡರಲ್ಲಿ ಸರಿಯಾಗಿ ಡಿಕ್ಟೇಟ್ ಮಾಡ್ಲಿಲ್ಲ."

ಅವತ್ತು ಕೊಂಡು ತಂದ ಹೊಸ ಕಾರ್ಡು ನನ್ನ ಹತ್ತಿರವೇ ಇಟ್ಟುಕೊಂಡೆ. ಚಾಕಿ ಮನೆ ಬಾಗಿಲಿನ ಹೊರಗೆ ಒಣ ಜಾಗದಲ್ಲಿ ಮುಚ್ಚಳದ ಡಬ್ಬಿ, ರಾತ್ರಿಗೆ ನೀಲಿ ಹರಳು. ಹೊಸ ಸೆಲ್ ಒಂಬತ್ತು ದಿನ ಬಂತು. ಒಂಬತ್ತನೇ ದಿನ ಸಂಜೆ ಸೆಲ್ ಮುಗಿಯಿತೆಂದು ಮಿಷನ್ ಕಿವಿಯೊಳಗೆ ಟಿಂವ್ ಅಂದಾಗ ನನಗೆ ಹಬ್ಬದಷ್ಟು ಖುಷಿ. ನಾನೇ ಒಂದು ಸ್ಟಿಕ್ಕರ್ ಕಿತ್ತು ಅವತ್ತಿನ ತಾರೀಕಿನ ಮೇಲೆ ಅಂಟಿಸಿದೆ, ಸ್ವಲ್ಪ ಸೊಟ್ಟಗೆ, ಬೇಕೆಂದೇ. ಮೂವತ್ತನೇ ದಿನ ಮಿಷನ್ ನಮ್ಮಲ್ಲೇ ಇರುತ್ತದೆಂದು ಹೇಳಿಬಂದೆವು.

ಮಾರನೇ ಬೆಳಿಗ್ಗೆ ಯಜಮಾನರು ಸ್ನಾನಕ್ಕೆ ಹೋಗಿದ್ದಾಗ ಫೋನ್ ಬಂತು. ನಾನೇ ಎತ್ತಿದೆ. ಹತ್ತು ವರ್ಷದಿಂದ ನಮ್ಮಲ್ಲೇ ಹುಳು ತಗೊಳ್ಳುವ ರೈತ.

"ಅಮ್ಮಾ, ನೀವಾ? ಮಾತಾಡ್ತಿದ್ದೀರಾ?"

"ಯಾಕಪ್ಪಾ, ಮಾತಾಡ್ಬಾರ್ದಾ?"

"ಹಂಗಲ್ಲಮ್ಮ. ನೀವು ಚಾಕಿ ಕೆಲ್ಸ ಬಿಟ್ಬಿಟ್ರಿ ಅಂದ್ರು ಮೇಷ್ಟ್ರು. ಕಿವಿ ಪೂರ್ತಿ ಹೋಯ್ತು, ಮಿಷನ್ನೂ ಆಗ್ಲಿಲ್ಲ, ವಾಪಸ್ ಕೊಟ್ವಿ, ಇನ್ಮೇಲೆ ಎಲ್ಲಾ ನನ್ ಹತ್ರನೇ ಕೇಳಿ ಅಂದ್ರು. ಎಲ್ರಿಗೂ ಹಂಗೇ ಹೇಳಿದ್ದಾರೆ."

"ಯಾವಾಗ ಹೇಳಿದ್ರು?"

"ಹೋದ ತಿಂಗ್ಳು ಮೊದಲ್ನೇ ವಾರದಲ್ಲೇ ಕಣಮ್ಮ."

ಮೊದಲ ವಾರ. ಹುಡುಗಿ ಹಾಕಿಕೊಟ್ಟ ಮೊದಲನೇ ಸೆಲ್ ಆಗ ನನ್ನ ಕಿವಿಯಲ್ಲಿ ಇನ್ನೂ ಜೀವಂತವಾಗಿತ್ತು. ಒಂದೊಂದು ಅಕ್ಷರವೂ ಸ್ಪಷ್ಟವಾಗಿ ಕೇಳಿಸಿತು, ಕೇಳಿಸಬಾರದಿತ್ತು ಅನ್ನಿಸುವಷ್ಟು. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಅವರ ಮೇಲೆ ಸಿಟ್ಟು ಬಂದದ್ದು ಎಷ್ಟೋ ಸಲ. ಈ ಸಲ ಸಿಟ್ಟಿಗಿಂತ ಮೊದಲು ನೋವಾಯಿತು.

"ಬುಧವಾರ ಎರಡ್ನೇ ಜ್ವರ ಏಳುತ್ತೆ. ಬೆಳಿಗ್ಗೆನೇ ಬಾ. ಸೊಪ್ಪು ತೇವ ಆರ್ದಂಗೆ ಮುಚ್ಚಿಡು," ಎಂದೆ. ಅವನಿಗೆ ದಿನ ಕೊಟ್ಟ ಮೇಲೆ ಫೋನ್ ಇಟ್ಟೆ.

ಯಜಮಾನರು ತಲೆ ಒರೆಸಿಕೊಳ್ಳುತ್ತಾ ಬಂದರು. "ಯಾರದು ಫೋನು?" ಎಂದು ಅಭ್ಯಾಸದಂತೆ ಆರ್ಡರ್ ಪುಸ್ತಕ ಬಿಡಿಸಿ ಪೆನ್ ಹಿಡಿದರು.

ನಾನು ಅವರ ಕೈಯಿಂದ ಪೆನ್ ತಗೊಂಡೆ.

"ರೀ, ನನ್ ತಾರೀಕು ಇನ್ನೂ ಬಂದಿಲ್ಲ," ಎಂದೆ.

ಅವರ ಕಣ್ಣು ಗೋಡೆಯ ಕ್ಯಾಲೆಂಡರಿಗೆ ಹೋಯಿತು. ಅವರು ಅಂಟಿಸಿದ್ದ ಸ್ಟಿಕ್ಕರ್‌ಗಳು ಹೊಸ ತಿಂಗಳ ಹಾಳೆಯಲ್ಲಿ ಹಾಗೇ ಇದ್ದವು, ಕೀಳಲು ಇಬ್ಬರಿಗೂ ಮನಸ್ಸಾಗಿರಲಿಲ್ಲ. ನಾನು ಬುಧವಾರದ ಆರ್ಡರ್ ನನ್ನ ಕೈಯಿಂದಲೇ ಬರೆದು, ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಹುಳುವಿಗೆ ಸೊಪ್ಪು ಹಾಕಲು ಹೋದೆ.