ಮಹದೇವಣ್ಣನ ಟವೆಲ್ಲು

ನಮ್ಮ ಸ್ಕ್ಯಾನ್ ಸೆಂಟರಿನ ಎಕ್ಸ್‌ರೇ ಕೋಣೆಯಲ್ಲಿ ನಾವಿಬ್ಬರು. ಮಹದೇವಣ್ಣನಿಗೆ ಇಪ್ಪತ್ತೊಂಬತ್ತು ವರ್ಷದ ಅನುಭವ. ನನಗೆ ಹನ್ನೊಂದು ತಿಂಗಳಿನದು, ಜೊತೆಗೆ ಫೋನಿನಲ್ಲಿ ನೋಡಿದ ನಲವತ್ತು ವಿಡಿಯೋಗಳದು. ಇಬ್ಬರಲ್ಲಿ ಯಾರು ಹೆಚ್ಚು ಬಲ್ಲವರು ಅನ್ನುವುದರಲ್ಲಿ ನನಗೆ ಅನುಮಾನವೇ ಇರಲಿಲ್ಲ.

ಮಹದೇವಣ್ಣ ಹುಟ್ಟಿದ್ದು ನಂಜನಗೂಡಿನ ಕಡೆಯ ಹಳ್ಳಿಯಲ್ಲಿ. ಫಿಲಂ ತೊಳೆಯುವ ಕತ್ತಲೆ ಕೋಣೆಯ ಸಹಾಯಕನಾಗಿ ಸೇರಿ, ಕಲಿತು, ಪರೀಕ್ಷೆ ಕಟ್ಟಿ ಟೆಕ್ನಿಷಿಯನ್ ಆದವನು. ಮಗಳು ಪವಿತ್ರಳ ಜಾಮಿಟ್ರಿ ಬಾಕ್ಸಿನಿಂದ ಎತ್ತಿಕೊಂಡು ಬಂದ ಸ್ಕೇಲು ಅವನ ಜೇಬಿನಲ್ಲೇ ಇರುತ್ತದೆ. ಹೆಗಲ ಮೇಲೊಂದು ಮಡಿಸಿದ ಟವೆಲ್ಲು. ಅದರಲ್ಲಿ ಬೆವರು ಒರೆಸಿಕೊಂಡಿದ್ದನ್ನು ಯಾರೂ ಕಂಡಿಲ್ಲ. ಬೆನ್ನುಮೂಳೆಗೆ ಪಕ್ಕದಿಂದ ಫಿಲಂ ತೆಗೆಯುವಾಗ ಅದನ್ನು ರೋಗಿಯ ಸೊಂಟದ ಕೆಳಗೆ ತೂರಿಸುತ್ತಿದ್ದ. ಪಾಪ, ಹಳೆಯ ಕಾಲದ ಉಪಚಾರ ಎಂದುಕೊಂಡಿದ್ದೆ ನಾನು.

ಮೊನ್ನೆ ಅವನು ಊಟಕ್ಕೆ ಹೋಗಿದ್ದಾಗ ಕುಂಬಾರಕೊಪ್ಪಲಿನ ಪುಟ್ಟತಾಯಮ್ಮ ಬಂದರು. ಎಪ್ಪತ್ತು ವರ್ಷ. ನೀರಿನ ಕ್ಯಾನು ಎತ್ತುವಾಗ ಬೆನ್ನಿನಲ್ಲಿ ಚಳಕ್ ಅಂದಿತ್ತಂತೆ. ಚೀಟಿಯಲ್ಲಿ ಇನ್ನೊಂದು ಸಾಲೂ ಇತ್ತು: ಆರು ವರ್ಷದ ಹಿಂದೆ ಸ್ತನ ಕ್ಯಾನ್ಸರಿಗೆ ಆಪರೇಷನ್.

ಮಗ್ಗುಲಾಗಿ ಮಲಗಿಸಿ ಫಿಲಂ ತೆಗೆದೆ. ಪರದೆಗೆ ಮುಖ ಹತ್ತಿರ ಒಯ್ದು ನೋಡಿದೆ. ಸೊಂಟದ ಭಾಗದ ಬೆನ್ನುಮೂಳೆಗಳಲ್ಲಿ ಮೊದಲನೆಯದರ ಮುಂಭಾಗ ಅರ್ಧ ಕುಸಿದ ಹಾಗಿತ್ತು. ಕುಸಿತ ಶೇಕಡಾ ನಲವತ್ತು ದಾಟಿದರೆ ಮೂರನೇ ಗ್ರೇಡು, ಎಲ್ಲಕ್ಕಿಂತ ತೀವ್ರವಾದದ್ದು, ಅದು ಗೊತ್ತಿತ್ತು. ಕೆಳಗಿನೆರಡು ಮೂಳೆಗಳ ನಡುಭಾಗವೂ ಗುಳಿಬಿದ್ದಿತ್ತು. ಎಲ್ಲಕ್ಕಿಂತ ಕೆಟ್ಟದ್ದೆಂದರೆ ಮೊದಲ ಮೂಳೆಯ ಹಿಂಬದಿಯ ಗೋಡೆ ಹೊರಕ್ಕೆ ಉಬ್ಬಿದ ಹಾಗೆ ಕಾಣುತ್ತಿತ್ತು. ಮೂಳೆ ಸವೆದು ಕುಸಿದರೆ ಆ ಗೋಡೆ ಹೀಗೆ ದುಂಡಗೆ ಉಬ್ಬುವುದು ಕಡಿಮೆ, ಉಬ್ಬಿದರೆ ಕ್ಯಾನ್ಸರಿನ ಅನುಮಾನ. ಇದು ಹದಿನೇಳನೇ ವಿಡಿಯೋದ ಪಾಠ.

ನಾನು ಬಾಯಿ ಬಿಡಲಿಲ್ಲ. ನನ್ನ ಮುಖವೇ ಎಲ್ಲ ಬಾಯಿಬಿಟ್ಟಿತು.

"ಮತ್ತೆ ಬಂದ್ಬುಡ್ತಾ ಮಗ?" ಅಂದರು ಪುಟ್ಟತಾಯಮ್ಮ.

"ಇಲ್ಲಮ್ಮ, ಅದು... ಡಾಕ್ಟ್ರು ಹೇಳ್ತಾರೆ."

"ನಿನ್ ಮುಖ ಹೇಳಾಯ್ತು ಬುಡು." ಮಲಗಿದ್ದಲ್ಲಿಂದಲೇ ಫೋನು ತೆಗೆದು ಸೊಸೆಗೆ ಹಚ್ಚಿದರು. "ಧರಣಿ, ನಾನು ಹೋದ್ಮ್ಯಾಲೆ ನನ್ ಕಿವಿ ಓಲೆ ನಿಂಗೆ ಕಣವ್ವ. ಗ್ರೈಂಡರು ನನ್ ತಂಗಿಗೆ. ನೀನು ಕೇಳ್ಬ್ಯಾಡ, ನೀನು ರುಬ್ಬಲ್ಲ."

ಅಷ್ಟರಲ್ಲಿ ಮಹದೇವಣ್ಣ ಬಂದ. ಪರದೆ ನೋಡಿದ, ನನ್ನ ಮುಖ ನೋಡಿದ.

"ಏನೋ ಅಭಿಲಾಷ, ಟವೆಲ್ಲು ಎಲ್ಲೋ?"

"ಅಣ್ಣ, ಮೂರನೇ ಗ್ರೇಡು, ಹಿಂದಿನ ಗೋಡೆ..."

"ಗೋಡೆ ಅಂತೆ! ಒಂದೊಂದು ಮೂಳೆಗೂ ಎರಡೆರಡು ಅಂಚು ಕಾಣ್ತಾ ಐತೆ, ನೋಡೋ. ಅಗಲ ಪೃಷ್ಠದವ್ರು ಮಗ್ಗುಲಾದ್ರೆ ಸೊಂಟ ಜೋಲ್ತದೆ, ಬೆನ್ನು ಮೇಜಿಗೆ ಸಮ ಇರಲ್ಲ. ಕಿರಣ ಓರೆಯಾಗಿ ಹೋಗಿ ಸಪಾಟಾಗಿರೋ ಮೂಳೇನೂ ಗುಳಿಬಿದ್ದಂಗೆ ತೋರ್ತದೆ. ಸೊಂಟ ತಿರುಚಿರೋದೂ ಸೇರ್ಕೊಂಡೈತೆ."

"ಯಾರಿಗಪ್ಪ ಅಗಲ?" ಅಂದರು ಪುಟ್ಟತಾಯಮ್ಮ.

"ನಿಮ್ಗೇ ಕಣವ್ವ, ಮನೆ ನಡೆಸಿದ ಮೈ ಅದು." ಅಷ್ಟು ಹೇಳಿ ಟವೆಲ್ಲು ಸೊಂಟದ ಕೆಳಗೆ ತೂರಿಸಿ, ಮೊಣಕಾಲು ಸರಿಮಾಡಿ, ಮತ್ತೊಂದು ಫಿಲಂ ತೆಗೆದ.

ಈಗ ಒಂದೊಂದು ಮೂಳೆಗೆ ಒಂದೇ ಅಂಚು. ಕೆಳಗಿನೆರಡರ ಗುಳಿ ಮಾಯ. ಮೊದಲನೆಯದು ಮಾತ್ರ ನಿಜವಾಗಿಯೂ, ಮರ ಸೀಳುವ ಆಪಿನ ಹಾಗೆ, ಮುಂದಕ್ಕೆ ಕುಸಿದಿತ್ತು. ಪರದೆಗೆ ಸ್ಕೇಲು ಹಿಡಿದು ಮಹದೇವಣ್ಣ ಲೆಕ್ಕ ಹಾಕಿದ: ಹಿಂದೆ ಮೂವತ್ತು ಮಿಲಿಮೀಟರು, ಮುಂದೆ ಇಪ್ಪತ್ತೊಂದು. "ನೂರಕ್ಕೆ ಮೂವತ್ತು ಕಮ್ಮಿ. ಎರಡನೇ ಗ್ರೇಡು." ಹಿಂಬದಿಯ ಗೋಡೆ ನೆಟ್ಟಗಿತ್ತು. ಮೊದಲ ಫಿಲಂನ ಎರಡು ಅಂಚುಗಳಲ್ಲಿ ನಾನು ತಪ್ಪು ಅಂಚನ್ನು ಹಿಡಿದಿದ್ದೆ.

ರೇಡಿಯಾಲಜಿಸ್ಟ್ ಡಾಕ್ಟರ್ ರಮಾಮಣಿ ಬಂದು ಎರಡೂ ಫಿಲಂ ನೋಡಿದರು. ಮೂಳೆಗಳ ನಡುವಿನ ಡಿಸ್ಕಿನ ಜಾಗ ಸರಿಯಿದೆ, ಸೋಂಕಿನ ಲಕ್ಷಣವಿಲ್ಲ ಅಂದರು. ಮಹದೇವಣ್ಣ ಆಮೇಲೆ ಎದುರಿನಿಂದ ತೆಗೆದಿದ್ದ ಫಿಲಂನಲ್ಲಿ ಆ ಮೂಳೆಯ ಹಿಂಬದಿಯ ಎರಡು ಕಂಬಗಳೂ ಎರಡು ಕಣ್ಣಿನ ಹಾಗೆ ದುಂಡಗೆ ಇದ್ದವು. ಕ್ಯಾನ್ಸರು ಅವುಗಳಲ್ಲೊಂದನ್ನು ತಿಂದಿದ್ದರೆ ಒಂದು ಕಣ್ಣು ಮುಚ್ಚಿದಂತೆ ಕಾಣುತ್ತಿತ್ತು. ಉಳಿದ ಮೂಳೆಗಳೆಲ್ಲ ಮಾಸಲು ಬಣ್ಣದವು, ಅಂದರೆ ಅವೂ ಸವೆದಿದ್ದವು.

"ಮೂಳೆ ಸವೆತದ ಕುಸಿತದ ಹಾಗೇ ಇದೆ," ಅಂದರು. ಪುಟ್ಟತಾಯಮ್ಮ ಸೊಸೆಗೆ ಹೇಳಲು ಫೋನಿಗೆ ಕೈಹಾಕುತ್ತಿದ್ದಂತೆ, "ತಾಳಿ ಅಮ್ಮ. ನಿಮ್ಮ ಹಳೇ ಕಾಯಿಲೆ ಇರೋದ್ರಿಂದ ಬರೀ ಎಕ್ಸ್‌ರೇ ನಂಬಿ ಬಿಡೋ ಹಾಗಿಲ್ಲ. ಎಮ್ಮಾರೈ ಆಗ್ಲೇಬೇಕು."

ಫೋನು ಮತ್ತೆ ಸೆರಗಿನೊಳಗೆ ಹೋಯಿತು. "ಮೂಗಿಗೆ ತುಪ್ಪ ಸವರ್ಬುಟ್ರಲ್ಲಾ!"

ಎಮ್ಮಾರೈ ವರದಿಗೆ ಕಾದ ನಾಲ್ಕು ದಿನ ಮಹದೇವಣ್ಣ ಗ್ರೇಡಿನ ಮಾತೆತ್ತಲಿಲ್ಲ. ನನಗೆ ಒಂದೇ ಕೆಲಸ ಕೊಟ್ಟಿದ್ದ: ಯಾರ ಫಿಲಂ ನೋಡಿದರೂ ಕನ್ನಡಿ ಮುಂದೆ ನಿಂತು, ಮುಖದಲ್ಲಿ ಏನೂ ಕಾಣದ ಹಾಗೆ ಅಭ್ಯಾಸ ಮಾಡುವುದು. ನಾನು ಮಾಡಿದೆ. ಹಲ್ಲುನೋವಿನವನ ಹಾಗೆ ಕಾಣುತ್ತಿದ್ದೆನಂತೆ.

ಐದನೆಯ ದಿನ ವರದಿ ಬಂತು. ಕ್ಯಾನ್ಸರು ಎಲ್ಲೂ ಇಲ್ಲ, ಹೊಸದಾಗಿ ಕುಸಿದ ಸವೆದ ಮೂಳೆ ಅಷ್ಟೇ. ಬೆನ್ನಿಗೆ ಪಟ್ಟಿ, ಮೂಳೆಗೆ ಔಷಧಿ, ನೀರಿನ ಕ್ಯಾನು ಮುಟ್ಟಕೂಡದು. ರಮಾಮಣಿ ಮೇಡಮ್ಮು ಹೇಳುತ್ತಿದ್ದಂತೆ ಪುಟ್ಟತಾಯಮ್ಮ ಅಲ್ಲೇ ಕುಳಿತುಬಿಟ್ಟರು. ಪಕ್ಕದಲ್ಲಿ ನಿಂತಿದ್ದ ಮಹದೇವಣ್ಣನ ಕೈ ಹಿಡಿದುಕೊಂಡರು, ಬಿಡಲಿಲ್ಲ. ಅವನೂ ಬಿಡಿಸಿಕೊಳ್ಳಲಿಲ್ಲ.

ಕೈ ಹಿಡಿದಂತೆಯೇ ಪುಟ್ಟತಾಯಮ್ಮ ನನ್ನ ಕಡೆ ತಿರುಗಿದರು. "ಇವತ್ತು ನಿನ್ ಮುಖ ಏನೂ ಹೇಳ್ತಾ ಇಲ್ವಲ್ಲ ಮಗ. ಸ್ವಲ್ಪ ನಗು ಮತ್ತೆ."