ಬೀಜ ಬಿಡುವ ಕೈ

ದೊಡ್ಡತಾಯಮ್ಮನವರು ನನ್ನ ಅಂಗಡಿಗೆ ಬಂದದ್ದು ಚಿತ್ರ ಮಾಡಿಸೋಕಲ್ಲ. ಹೊಳೆನರಸೀಪುರಕ್ಕೆ ಕಣ್ಣು ತೋರಿಸಲು ಬಂದಿದ್ದರು, ಕಣ್ಣಿಗೆ ಡ್ರಾಪ್ಸ್ ಹಾಕಿಸಿಕೊಂಡು ತಮ್ಮನ ಜೊತೆ ಬಂದು ಬೆಂಚಿನ ಮೇಲೆ ಕೂತರು. ಕೆಲಸ ಇದ್ದದ್ದು ತಮ್ಮ ನಂಜಪ್ಪನವರಿಗೆ. ಹಳ್ಳಿಮೈಸೂರಿನ ಕಡೆಯ ರೈತರು ಸೇರಿ ಒಂದು ಕಂಪನಿ ಮಾಡಿಕೊಂಡಿದ್ದಾರೆ, ಇವರು ಅದಕ್ಕೆ ಅಧ್ಯಕ್ಷರು. ರಾಗಿ ಹಿಟ್ಟಿನ ಪ್ಯಾಕೆಟ್ ಮೇಲೆ ಬಿತ್ತನೆಯ ಚಿತ್ರ ಬೇಕು, ಅದೇ ಚಿತ್ರ ದೊಡ್ಡದಾಗಿ ಆಫೀಸಿನ ಗೋಡೆಗೂ ಬೇಕು. ಸಂಜೆ ಪ್ರೆಸ್ಸಿಗೆ ಫೈಲ್ ಹೋಗಬೇಕು.

ನನ್ನದು ಫ್ಲೆಕ್ಸ್, ಲೇಬಲ್, ಲಗ್ನಪತ್ರಿಕೆಯ ಅಂಗಡಿ. ಈಗೀಗ ಚಿತ್ರವನ್ನು ಎಐ ಕೈಲೇ ಬರೆಸುತ್ತೇನೆ. ಇಂಗ್ಲಿಷಿನಲ್ಲಿ ಏನು ಬೇಕು ಅಂತ ಟೈಪ್ ಮಾಡಿದರೆ ಅರೆ ನಿಮಿಷದಲ್ಲಿ ನಾಲ್ಕು ಚಿತ್ರ ಕೊಡುತ್ತದೆ. ಕನ್ನಡದಲ್ಲಿ ಹಾಕಿದರೂ ಕೊಡುತ್ತದೆ, ಆದರೆ ನಮ್ಮ ಕಡೆಯ ಮಾತು ಬಂದ ಕೂಡಲೇ ತನಗೆ ತೋಚಿದ್ದನ್ನು ತುಂಬಿಬಿಡುತ್ತದೆ. ಗೊತ್ತಿಲ್ಲ ಅನ್ನುವ ಅಭ್ಯಾಸವೇ ಅದಕ್ಕಿಲ್ಲ. ನಮ್ಮ ಮನೆಯಲ್ಲೂ ಅಂಥವರು ಇಬ್ಬರಿದ್ದಾರೆ, ಹಾಗಾಗಿ ನನಗೆ ಸಂಭಾಳಿಸುವುದು ಗೊತ್ತು.

'ಇಂಡಿಯನ್ ಫಾರ್ಮರ್ ಸೋಯಿಂಗ್ ರಾಗಿ ವಿತ್ ಬುಲಕ್ಸ್' ಎಂದು ಹೊಡೆದೆ. ಕೇಸರಿ ಪೇಟ, ಹುರಿಮೀಸೆ, ಹಿಂದೆ ಮುಳುಗುವ ಸೂರ್ಯ. ಕೈಯಲ್ಲಿ ಒಂದು ನೇಗಿಲು. ನಂಜಪ್ಪನವರ ಮುಖ ಅರಳಿತು.

"ಭೇಷಾಗೈತೆ ಕಣವ್ವ. ಇದೇ ಇರ್ಲಿ."

ದೊಡ್ಡತಾಯಮ್ಮನವರು ಎದ್ದು ಬಂದರು. ಡ್ರಾಪ್ಸ್ ಹಾಕಿದ ಕಣ್ಣನ್ನು ಕಿರಿದು ಮಾಡಿ ಸ್ಕ್ರೀನಿಗೆ ಮೂಗು ತಾಗುವಷ್ಟು ಬಗ್ಗಿ ನೋಡಿದರು.

"ಇವ್ನು ಒಬ್ನೇ ಓಯ್ತಾವ್ನಲ್ಲ, ಬೀಜ ಯಾರ್ಲಾ ಬಿಡಾದು?"

"ಅಕ್ಕಯ್ಯ, ಪ್ಯಾಕೆಟ್ ಮ್ಯಾಲೆ ಅದೆಲ್ಲ ಯಾರು ನೋಡ್ತಾರೆ?"

"ನಲವತ್ತು ವರ್ಸ ಕೂರಿಗೆ ಹಿಂದೆ ನಡ್ದೋಳು ನಾನು. ನಾನ್ ನೋಡ್ತೀನಿ."

ನಂಜಪ್ಪನವರು ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ, ಅಕ್ಕನ ಎದುರಿಗೇ, ನನಗೆ ಹೇಳಿದರು. ಕೂರಿಗೆ ಎಂದರೆ ಎತ್ತು ಎಳೆಯುವ ಬಿತ್ತನೆಯ ಸಾಧನ. ಮೇಲೊಂದು ಮರದ ಬಟ್ಟಲು, ಅದರಿಂದ ನೆಲಕ್ಕೆ ಇಳಿಯುವ ಬಿದಿರಿನ ಕೊಳವೆಗಳು. ಗಂಡಸು ಎತ್ತು ಹೊಡೆದರೆ, ಹಿಂದೆ ಹೆಂಗಸು ನಡೆಯುತ್ತಾ ಬಟ್ಟಲಿಗೆ ಬೀಜ ಬಿಡುತ್ತಾಳೆ. ಅಕ್ಕಯ್ಯನ ಕೈ ಸಮ, ಬೀಜ ಒಂದೇ ಅಳತೆಗೆ ಬೀಳುತ್ತದೆ ಎಂದು ಅರಕಲಗೂಡಿನ ಮಲ್ಲಿಪಟ್ಟಣದ ನೆಂಟರೂ ಬಿತ್ತನೆಗೆ ಕರೆಸಿಕೊಳ್ಳುತ್ತಿದ್ದರಂತೆ. ಮದುವೆಯಾದ ವರ್ಷದಿಂದ ಟ್ರ್ಯಾಕ್ಟರ್ ಬರುವ ತನಕ ಬೀಜ ಬಿಟ್ಟವರು. ಒಂದು ಫೋಟೊ ಇಲ್ಲ. ಬಿತ್ತುವ ದಿನ ಕ್ಯಾಮೆರಾ ಹಿಡಿದು ಯಾರು ಬರುತ್ತಾರೆ?

ತಪ್ಪು ನನ್ನದೇ. 'ಫಾರ್ಮರ್' ಅಂದೆ, ಅದು ಗಂಡಸನ್ನು ಕೊಟ್ಟಿತು. ಹೆಂಗಸು ಎಂದು ಸೇರಿಸಿದೆ, ಬೀಜ ಬಿಡುತ್ತಿದ್ದಾಳೆ ಎಂದೆ. ಬಂದವಳು ಜರಿ ಸೀರೆ ಉಟ್ಟು, ಹಿಡಿ ಕಾಳು ಗಾಳಿಗೆ ಎರಚುತ್ತಾ, ಕ್ಯಾಮೆರಾ ನೋಡಿ ಹಲ್ಲು ಕಿರಿಯುತ್ತಿದ್ದಳು.

"ಕೋಳಿಗೆ ಕಾಳಾಕ್ತಾವ್ಳೆ," ಎಂದರು ದೊಡ್ಡತಾಯಮ್ಮ. "ಬೀಜ ಮಡ್ಲಲ್ಲಿರ್ಬೇಕು ಕಣವ್ವ."

ಮಡಿಲನ್ನು ಇಂಗ್ಲಿಷಿಗೆ ತಿರುಗಿಸಿ 'ಲ್ಯಾಪ್' ಎಂದು ಹಾಕಿದೆ. ಈ ಸಲ ಹೆಂಗಸು ಹೊಲದ ನಡುವೆ ಚಕ್ಕಳಮಕ್ಕಳ ಹಾಕಿ ಕೂತಿದ್ದಳು, ತೊಡೆಯ ಮೇಲೆ ರಾಗಿ ರಾಶಿ. ನನಗೆ ನಗು, ಅವರಿಗೆ ಸಿಟ್ಟು.

"ಕುಂತ್ಕಂಡು ಬಿತ್ತಾಳಂತೆ, ಮಾರಾಣಿ!"

ಗಂಟೆ ಮೂರಾಗಿತ್ತು. "ಮೊದಲಿನದ್ದೇ ಕಳಿಸ್ಬುಡವ್ವ," ಅಂದರು ನಂಜಪ್ಪ. ದೊಡ್ಡತಾಯಮ್ಮ ಮತ್ತೆ ಬೆಂಚಿಗೆ ಹೋಗಿ ಸೆರಗಿನ ತುದಿ ತಿರುವುತ್ತಾ ಕೂತರು. ನಲವತ್ತು ವರ್ಷ ದುಡಿದ ಹೊಲದಿಂದ, ಹಿಟ್ಟಿನ ಪ್ಯಾಕೆಟ್ ಮೇಲೂ ಈಕೆಯನ್ನು ಎಬ್ಬಿಸಿ ಕಳಿಸುವವಳು ನಾನಾಗಬೇಕೆ?

"ಅಜ್ಜಿ, ಬಾಯಲ್ಲಿ ಹೇಳೋದು ಬೇಡ. ನಡೆದು ತೋರಿಸಿ," ಎಂದೆ.

ಅಂಗಡಿಯಲ್ಲಿ ಫ್ಲೆಕ್ಸ್ ಸುತ್ತಿ ಬರುವ ರಟ್ಟಿನ ಕೊಳವೆಗಳಿದ್ದವು. ಒಂದನ್ನು ನಂಜಪ್ಪನವರ ಕೈಗೆ ಕೊಟ್ಟು, ಅದರ ಬಾಯಿಗೆ ನನ್ನ ಟೀ ಲೋಟ ಇಟ್ಟೆ. ಅಧ್ಯಕ್ಷರು ಕೂರಿಗೆಯಾಗಿ ಮುಂದೆ ಮುಂದೆ ನಡೆದರು. ದೊಡ್ಡತಾಯಮ್ಮ ಸೀರೆಯನ್ನು ಮೊಣಕಾಲಿನ ಕೆಳಗಿನವರೆಗೆ ಎತ್ತಿ ಕಟ್ಟಿದರು. ಸೆರಗನ್ನು ಸೊಂಟದ ಸುತ್ತ ತಂದು ಮುಂದೆ ಚೀಲದ ಹಾಗೆ ಮಾಡಿ ಸಿಕ್ಕಿಸಿಕೊಂಡರು. ಅದೇ ಮಡಿಲು. ಬಲಗೈ ಮುಷ್ಟಿ ಲೋಟದ ಮೇಲೆ ಬಂತು. ಇಲ್ಲದ ರಾಗಿಯನ್ನು ಹೆಬ್ಬೆರಳು ತೋರುಬೆರಳ ಮೇಲಿಂದ ತಳ್ಳತೊಡಗಿತು. ಕಣ್ಣು ಮುಷ್ಟಿ ಬಿಟ್ಟು ಅತ್ತಿತ್ತ ಹೋಗಲಿಲ್ಲ. ಝೆರಾಕ್ಸಿಗೆ ಬಂದಿದ್ದ ಇಬ್ಬರು ಕಾಲೇಜು ಹುಡುಗಿಯರು ಬಾಯಿ ತೆರೆದುಕೊಂಡು ನಿಂತರು.

ನಾನು ಹೆಸರುಗಳನ್ನೆಲ್ಲ ಕೈಬಿಟ್ಟೆ. ಕಂಡದ್ದನ್ನು ಕಂಡ ಹಾಗೆ ಇಂಗ್ಲಿಷಿನಲ್ಲಿ ಬರೆದೆ. ಮಡಿಲು ಎಂಬ ಮಾತಿನ ಬದಲು, ಸೀರೆಯ ಸಡಿಲ ತುದಿ ಸೊಂಟಕ್ಕೆ ಸಿಕ್ಕಿಸಿ ಹೊಟ್ಟೆಯ ಮುಂದೆ ಚೀಲದಂತಾಗಿದೆ, ಎಡಗೈ ಅದನ್ನು ಹಿಡಿದಿದೆ ಎಂದೆ. ಬಿತ್ತುತ್ತಿದ್ದಾಳೆ ಅನ್ನಲಿಲ್ಲ, ಬಾಗಿದ ಬಲ ಮುಷ್ಟಿ ಮರದ ಬಟ್ಟಲಿನ ಮೇಲೆ ಒಂದು ಗೇಣು ಎತ್ತರದಲ್ಲಿದೆ, ಬೆರಳ ಸಂದಿನಿಂದ ಸಣ್ಣ ಕಾಳು ಇಳಿಯುತ್ತಿದೆ, ನೋಟ ಕೈಯ ಮೇಲಿದೆ ಎಂದೆ. ಬರಿಗಾಲು, ಮಾಸಿದ ನೂಲಿನ ಸೀರೆ, ಗಾಜಿನ ಬಳೆ. ಮುಂದೆ ಎತ್ತು ಹೊಡೆಯುವವನು ಬೆನ್ನು ಮಾತ್ರ ಕಾಣುವಂತೆ, ಮಸುಕಾಗಿ.

"ಬಿಸ್ಲು ಬ್ಯಾಡ, ಮೋಡ ಆಕು," ಎಂದರು ದೊಡ್ಡತಾಯಮ್ಮ ಪಕ್ಕದಿಂದ. "ಮಣ್ಣು ಕೆಂಪು, ನೆಂದಿರ್ಬೇಕು, ಕೆಸ್ರಲ್ಲ." ಅದನ್ನೂ ಬರೆದೆ.

ಕೂರಿಗೆ ಮಾತ್ರ ಎಷ್ಟು ವರ್ಣಿಸಿದರೂ ಒಮ್ಮೆ ಏಣಿಯಾಯಿತು, ಒಮ್ಮೆ ವೀಣೆಯಾಯಿತು. ನಂಜಪ್ಪನವರು ಮನೆಗೆ ಫೋನ್ ಮಾಡಿ, ಅಟ್ಟದ ಮೇಲಿದ್ದ ಹಳೇ ಕೂರಿಗೆಯನ್ನು ಇಳಿಸಿ ಫೋಟೊ ತೆಗೆಸಿ ತರಿಸಿದರು. ಆ ಫೋಟೊ ಜೊತೆಗಿಟ್ಟು, ಸಾಧನ ಇದರಂತೆಯೇ ಇರಲಿ ಎಂದು ಬರೆದೆ. ಹಿಂದೆ ಇನ್ನೊಬ್ಬಳು ರಾಗಿಯ ನಡುವಿನ ಸಾಲಿಗೆ ಅವರೆಕಾಳು ಬಿಡುತ್ತಾ ಬರಬೇಕು ಎಂಬುದು ಅಜ್ಜಿಯ ಇನ್ನೊಂದು ಬೇಡಿಕೆ. ಸೇರಿಸಿ ನೋಡಿದೆ, ಇಬ್ಬರ ನಡುವೆ ಮೂರೇ ಕೈ ಬಂದವು. ಅವಳನ್ನು ಬಿಟ್ಟೆವು. ಪಾಪ, ಅವಳು ಯಾರೋ.

ನಾಲ್ಕೂಮುಕ್ಕಾಲಿಗೆ ಬಂದ ಚಿತ್ರ ನೋಡಲು ನಾವು ಮೂವರೂ ಸ್ಕ್ರೀನಿಗೆ ಬಗ್ಗಿದೆವು. ಫೋಟೊದ ಕೂರಿಗೆಗೆ ಹನ್ನೆರಡು ಕೊಳವೆ, ಚಿತ್ರದಲ್ಲಿ ಒಂಬತ್ತು. ಎಣಿಸುವುದರಲ್ಲಿ ಆ ಯಂತ್ರ ಹಿಂದೆಯೇ. ಉಳಿದದ್ದೆಲ್ಲ ಇತ್ತು: ಮೋಡ, ಮಡಿಲು, ಬಾಗಿದ ಬೆನ್ನು. ಹೆಂಗಸಿನ ಮುಖ ಮೂವತ್ತರದು, ಯಾರದೋ.

"ಅಕ್ಕಯ್ಯ, ಮುಖ ನಿಂದಲ್ಲ," ಎಂದರು ನಂಜಪ್ಪ, ಏನೋ ಸಮಾಧಾನ ಹೇಳುವವರಂತೆ.

"ಮುಖ ಯಾರ್ಗ್ ಬೇಕ್ಲಾ." ಅವರು ಚಿತ್ರದ ಮುಷ್ಟಿಯ ಮೇಲೆ ಬೆರಳಿಟ್ಟರು. ಸ್ಕ್ರೀನ್ ಮುಟ್ಟಬೇಡಿ ಎಂದು ಎಲ್ಲರಿಗೂ ಗದರುವವಳು ನಾನು, ಅವತ್ತು ಚಿತ್ರವನ್ನು ಇನ್ನಷ್ಟು ದೊಡ್ಡದು ಮಾಡಿ ಕೊಟ್ಟೆ. ಅಜ್ಜಿ ಅದನ್ನು ನೋಡಿ ನನ್ನ ಕಡೆ ತಿರುಗಿದರು.

"ಎಬ್ಬೆರ್ಳು ಇನ್ನೊಸಿ ಬಿಗಿ ಮಾಡವ್ವ. ನಾನಿಂಗೆ ಸಡ್ಲ ಬಿಡ್ತಿರ್ಲಿಲ್ಲ, ಬೀಜ ಜಾಸ್ತಿ ಬಿದ್ದು ಪೈರು ಒತ್ತಾಗ್ಬುಡ್ತದೆ."

ಪ್ರೆಸ್ಸಿನವರಿಗೆ ಅರ್ಧ ಗಂಟೆ ತಡ ಎಂದು ಫೋನ್ ಮಾಡಿ, ಮುಷ್ಟಿಯ ಸಾಲನ್ನು ಹೆಬ್ಬೆರಳು ಸೇರಿಸಿ ಮತ್ತೆ ಬರೆಯಲು ಕೂತೆ.