ಅಕ್ಕನ ಶುಕ್ರವಾರ

ಮನೆ ರಿಪೇರಿ ಮಾಡಿಸಿಕೊಡುವುದು ಆಕೆಯ ಕಸುಬು. ಗಾರೆ ಮೇಸ್ತ್ರಿ, ಪ್ಲಂಬರ್, ಬಡಗಿ ಎಲ್ಲರೂ ಬೆನ್ನ ಹಿಂದೆ ಆಕೆಯನ್ನು ಗಡುವಿನಕ್ಕ ಎನ್ನುತ್ತಿದ್ದರು. ಎದುರಿಗೆ ಬರೀ ಅಕ್ಕ. ಇವರನ್ನೆಲ್ಲ ಒಂದೇ ಮನೆಯಲ್ಲಿ ಒಬ್ಬರ ಕಾಲು ಇನ್ನೊಬ್ಬರು ತುಳಿಯದಂತೆ ದುಡಿಸುವುದು ಹುಡುಗಾಟವಲ್ಲ. ಅದಕ್ಕೆ ಆಕೆ ಒಂದು ಉಪಾಯ ಕಂಡುಕೊಂಡಿದ್ದಳು. ಕೆಲಸ ಭಾನುವಾರ ಮುಗಿದರೆ ಸಾಕಾಗಿದ್ದರೂ ಶುಕ್ರವಾರಕ್ಕೇ ಬೇಕೆಂದು ಪಟ್ಟು ಹಿಡಿಯುವುದು. ಮಿಕ್ಕ ಎರಡು ದಿನ ಯಾರಿಗೂ ಕಾಣದಂತೆ ತನ್ನ ಹತ್ತಿರವೇ ಇಟ್ಟುಕೊಳ್ಳುವುದು. ಯಾರಿಗೂ ಗೊತ್ತಾಗದಿದ್ದರೆ ಒಳ್ಳೆಯ ಉಪಾಯವೇ.

ಈ ಸಲದ ಕೆಲಸ ಅವಳ ಅಣ್ಣನ ಮನೆಯದು. ಅಣ್ಣನ ಒಂದು ಕಾಲನ್ನು ಮೊಣಕಾಲಿನ ಕೆಳಗೆ ತೆಗೆದಿದ್ದರು. ಆಸ್ಪತ್ರೆಯಲ್ಲಿ ಅವನು ಕೇಳಿದ್ದು ಒಂದೇ: "ನನ್ನನ್ನ ಯಾರೂ ಎತ್ಕೊಂಡು ಬಚ್ಚಲಿಗೆ ಹೋಗೋದು ಬೇಡ ಕಣೇ. ಅಷ್ಟು ಮಾಡ್ಕೊಡು." ಭಾನುವಾರ ಮನೆಗೆ ಕಳಿಸುವುದಾಗಿ ವೈದ್ಯರು ಹೇಳಿದ್ದರು. ಗಾಲಿಕುರ್ಚಿ ಸರಾಗವಾಗಿ ಹೋಗುವಂತೆ ಬಚ್ಚಲಿನ ಹೊಸ್ತಿಲು ತೆಗೆದು, ನೆಲ ಒಡೆದು, ಬಾಗಿಲು ಅಗಲ ಮಾಡಿ, ಹಿಡಿದುಕೊಳ್ಳಲು ಗೋಡೆಗೆ ಸರಳು ಕೂರಿಸಬೇಕು. ಮೇಸ್ತ್ರಿಗೆ ಅವಳು ಎಂದಿನಂತೆ ಶುಕ್ರವಾರ ಎಂದಿದ್ದಳು.

ಬುಧವಾರ ಬೆಳಿಗ್ಗೆ ಆಸ್ಪತ್ರೆಯಿಂದ ಫೋನ್ ಬಂತು. ಹಾಸಿಗೆ ಬೇರೆಯವರಿಗೆ ಬೇಕಂತೆ, ಶುಕ್ರವಾರವೇ ಕರೆದುಕೊಂಡು ಹೋಗಬೇಕಂತೆ. ಹೇಗೂ ಶುಕ್ರವಾರ ಎಂದೇ ಹೇಳಿದ್ದೇನಲ್ಲ ಎಂದು ಧೈರ್ಯ ತಂದುಕೊಂಡು ಅಣ್ಣನ ಮನೆಗೆ ಓಡಿದಳು. ಬಚ್ಚಲಿನಲ್ಲಿ ಬರೀ ಒಡೆದ ನೆಲ, ಹೊಸ ಪೈಪು, ಸಿಮೆಂಟಿನ ಇಳಿಜಾರು. ಒಬ್ಬ ಮನುಷ್ಯನೂ ಇಲ್ಲ. ಮೇಸ್ತ್ರಿ ಎರಡು ಬೀದಿ ಆಚೆ ಇನ್ನೊಬ್ಬರ ಗೋಡೆ ಕಟ್ಟುತ್ತಿದ್ದ. ಅವಳು ಅಲ್ಲಿಗೇ ಹೋದಳು.

"ನಾಳೆ ಬರ್ತೀನಿ ಅಕ್ಕ. ಇನ್ನೂ ಟೈಮಿದೆಯಲ್ಲ?"

"ಶುಕ್ರವಾರ ಅಂದಿದ್ನಲ್ಲೋ!"

"ನಿಮ್ಮ ಶುಕ್ರವಾರ ಅಂದ್ರೆ ಭಾನುವಾರ ಅಂತ ಯಾರಿಗೆ ಗೊತ್ತಿಲ್ಲ?" ಎಂದು ಅವನು ನಕ್ಕ. ಅವಳ ಮುಖ ನೋಡಿದ ಮೇಲೆ ಕರಣೆ ಕೆಳಗಿಟ್ಟ.

ಆ ಕ್ಷಣ ಅವಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಬಚ್ಚಿಟ್ಟ ಎರಡು ದಿನಗಳನ್ನು ಎಲ್ಲರೂ ಆಗಲೇ ತಮ್ಮದೆಂದುಕೊಂಡು ತಿಂದು ತೇಗಿದ್ದರು. ಮೇಸ್ತ್ರಿಯನ್ನು ಎಳೆದುಕೊಂಡು ಬಂದು ಬಚ್ಚಲ ಬಾಗಿಲಲ್ಲೇ ಕೂರಿಸಿದಳು.

"ಎಷ್ಟು ದಿನ ಬೇಕು ಈಗ?"

"ಮೂರು ದಿನದ ಕೆಲಸ ಅಕ್ಕ, ಅಷ್ಟೇ."

"ಎಷ್ಟು ದಿನದ ಕೆಲಸ ಅಂತ ಕೇಳ್ಲಿಲ್ಲ. ಹೋದ ಸಲ ಆ ಟೀಚರ್ ಮನೇಲಿ ಇಷ್ಟೇ ಕೆಲಸಕ್ಕೆ ಎಷ್ಟು ದಿನ ಹಿಡೀತು?"

ಮೇಸ್ತ್ರಿ ತಲೆ ಕೆರೆದುಕೊಂಡ. "ಒಂದು ವಾರ ದಾಟ್ತು." ಅವನು ಲೆಕ್ಕ ಹಿಡಿದಿದ್ದು ತನ್ನ ಕೈ ಆಡುವ ದಿನಗಳನ್ನು ಮಾತ್ರ. ನೀರು ಇಂಗದಂತೆ ಬಳಿಯುವ ಲೇಪ ಒಣಗುವ ದಿನ, ನೀರು ನಿಲ್ಲಿಸಿ ಸೋರುತ್ತದೆಯೇ ನೋಡುವ ದಿನ, ಟೈಲ್ಸ್ ಕಚ್ಚಿಕೊಳ್ಳುವ ದಿನ ಯಾವುವೂ ಅವನ ಪಾಲಿಗೆ ದಿನಗಳೇ ಅಲ್ಲ. ಇಬ್ಬರೂ ಮೊದಲಿನಿಂದ ಎಣಿಸಿದರು. ಈಗಲೇ ಕೈಹಚ್ಚಿದರೂ ಸೋಮವಾರ.

"ನೀರು ನಿಲ್ಲಿಸೋದು ಬಿಟ್ಬಿಡೋಣ್ವಾ?" ಎಂದ ಮೇಸ್ತ್ರಿ ಮೆಲ್ಲಗೆ.

ಅವಳಿಗೂ ಆಸೆಯಾಯಿತು, ಸುಳ್ಳೇಕೆ. "ಬೇಡ," ಎಂದಳು. "ಸೋಮವಾರದ ಮೇಲೆ ಇನ್ನೆರಡು ದಿನ ಇಡು. ಬುಧವಾರ. ಪ್ಲಂಬರ್‌ಗೂ ಬಡಗಿಗೂ ಇದನ್ನೇ ಹೇಳು. ಆ ಎರಡು ದಿನ ಏನಾದ್ರೂ ಕೆಟ್ರೆ ಮಾತ್ರ, ಯಾರ ಮನೆ ಗೋಡೆಗೂ ಅಲ್ಲ."

ಶುಕ್ರವಾರ ಅಣ್ಣ ಅವಳ ಮನೆಗೇ ಬಂದ. ಅಲ್ಲಿನ ಬಚ್ಚಲಿನ ಬಾಗಿಲು ಗಾಲಿಕುರ್ಚಿಗೆ ಕಿರಿದು. ಅವಳ ಗಂಡ ಮತ್ತು ಪಕ್ಕದ ಮನೆಯವರು ಸೇರಿ ಅವನನ್ನು ಎತ್ತಿಕೊಂಡು ಹೋದರು. ಅಣ್ಣ ಕಣ್ಣು ಮುಚ್ಚಿಕೊಂಡಿದ್ದ. ಅವಳು ಅಡುಗೆಮನೆಗೆ ಹೋಗಿ ಅತ್ತಳು.

"ಯಾವಾಗ ಆಗತ್ತೆ?" ಎಂದು ಕೇಳಿದ ಅಣ್ಣ ಆಮೇಲೆ.

"ಬುಧವಾರ."

"ನಿನ್ನ ಬುಧವಾರನಾ, ಎಲ್ಲರ ಬುಧವಾರನಾ?"

ಅಣ್ಣನಿಗೂ ಗೊತ್ತಿತ್ತು ಹಾಗಾದರೆ! "ಎಲ್ಲರ ಬುಧವಾರ ಅಣ್ಣ," ಎಂದಳು.

ಶನಿವಾರ ನೋಡಿದರೆ ನಿಲ್ಲಿಸಿದ ನೀರು ಇಳಿದಿತ್ತು. ನೀರು ಹೊರಹೋಗುವ ಜಾಲರಿಯ ಸುತ್ತ ಸೋರುತ್ತಿತ್ತು. ಮೇಸ್ತ್ರಿಯ ಮುಖ ಸಣ್ಣಗಾಯಿತು. ಬೇಗ ಒಣಗುವ ಲೇಪ ತಂದು ಅಲ್ಲಿಗೆ ಮತ್ತೆ ಬಳಿದು, ಮತ್ತೆ ನೀರು ನಿಲ್ಲಿಸಿ ನೋಡುವಷ್ಟರಲ್ಲಿ ಮಿಗಿಸಿಟ್ಟ ಎರಡೂ ದಿನ ಪೂರ್ತಿ ಖರ್ಚಾದವು. ಅವಳಿಗೆ ಅನ್ನ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ಇನ್ನೊಂದು ಎಡವಟ್ಟಾದರೆ ಅಣ್ಣನಿಗೆ ಯಾವ ಮುಖ ತೋರಿಸುವುದು? ಆದರೆ ಈ ಸಲ ಯಾರೂ ತಪ್ಪಿಸಿಕೊಳ್ಳಲಿಲ್ಲ. ಬಡಗಿ ಹೇಳಿದ ಹೊತ್ತಿಗೆ ಬಂದು ಬಾಗಿಲು ಕೂರಿಸಿದ. ಬುಧವಾರ ಮಧ್ಯಾಹ್ನ ಕೊನೆಯ ಸರಳು ಗೋಡೆಗೆ ಕೂತಿತು. ಮೇಸ್ತ್ರಿ ತನ್ನ ಇಡೀ ಭಾರ ಹಾಕಿ ಜೋತುಬಿದ್ದು ನೋಡಿದ.

ಸಂಜೆ ಅಣ್ಣ ಕುರ್ಚಿಯ ಗಾಲಿ ತಾನೇ ತಿರುಗಿಸಿಕೊಂಡು ತನ್ನ ಮನೆಯ ಬಚ್ಚಲಿನ ಒಳಗೆ ಹೋದ. ಚಿಲಕ ಬಿತ್ತು. ಅವಳು ಹೊರಗೇ ನಿಂತಳು. ನಿಂತೇ ಇದ್ದಳು. ಕೊನೆಗೆ ತಡೆಯಲಾರದೆ ಬಾಗಿಲು ತಟ್ಟಿದಳು.

"ಅಣ್ಣಾ, ಎಷ್ಟು ಹೊತ್ತಾಗತ್ತೆ?"

"ಆದಷ್ಟು ಹೊತ್ತು ಆಗತ್ತೆ. ಹೋಗೇ ಆಚೆ!" ಎಂದ ಅಣ್ಣ ಒಳಗಿನಿಂದ.